ಇಬ್ಬರ ಚಿತ್ರ, ನೂರಾರು ಕಣ್ಣು



ಪ್ರೀತಿಯನ್ನು ನಾಲ್ಕು ಜನರ ಮುಂದೆ ತೋರಿಸುವುದು ನಮ್ಮ ಕಡೆಗೆ ಹೊಸದಲ್ಲ. ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದ ಮದುವೆ ಮನೆಗಳಲ್ಲಿ ಹೊಸ ಸೊಸೆ ಹೊಸ್ತಿಲು ದಾಟುವ ಮೊದಲು ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, 'ಗಂಡನ ಹೆಸರು ಹೇಳು, ಆಮ್ಯಾಲೆ ಒಳಗ ಬಾ' ಎಂದು ಹಟ ಹಿಡಿಯುವುದನ್ನು ನೀವೂ ಕಂಡಿರುತ್ತೀರಿ. ಆಗ ಆಕೆ ಒಂದು ಒಡಪು ಹೇಳುತ್ತಾಳೆ. ಮರಾಠಿ ಮನೆಗಳಲ್ಲಿ ಇದನ್ನೇ ಉಖಾಣಾ ಎನ್ನುತ್ತಾರೆ. ಪ್ರಾಸದ ಎರಡು ಸಾಲು, ಅದರಲ್ಲಿ ಎಲ್ಲೋ ಒಂದು ಕಡೆ ಗಂಡನ ಹೆಸರು. ಬೇರೆ ದಿನ ಬಾಯಿಬಿಟ್ಟು ಹೇಳದ ಹೆಸರನ್ನು ಅಂದು ಎಲ್ಲರ ಮುಂದೆ ಹೇಳಿ, ನಾಚಿ, ನಗಿಸಿ, ಒಳಗೆ ಹೋಗುತ್ತಾಳೆ.

ಈ ಒಡಪಿನಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಮೂರು ಕಟ್ಟುಗಳಿವೆ. ಮೊದಲನೆಯದು, ಕೇಳುವವರು ಯಾರು ಎಂಬುದು ಹೇಳುವವಳಿಗೆ ಗೊತ್ತು. ಎದುರಿಗೆ ನಿಂತವರಷ್ಟೇ ಕೇಳುತ್ತಾರೆ. ಎರಡನೆಯದು, ಹೇಳಿದ ಮಾತು ಆ ಗಳಿಗೆಯಲ್ಲೇ ಮುಗಿಯುತ್ತದೆ. ಮೂರನೆಯದು, ಎಷ್ಟು ಹೇಳಬೇಕು, ಎಷ್ಟು ಮುಚ್ಚಬೇಕು ಎಂಬುದನ್ನು ಹೇಳುವವಳೇ ತೀರ್ಮಾನಿಸುತ್ತಾಳೆ. ಪ್ರಾಸದ ಸೆರಗಿನಲ್ಲಿ ಅವಳ ಪ್ರೀತಿ ಅರ್ಧ ಕಾಣುತ್ತದೆ, ಅರ್ಧ ಮರೆಯಾಗಿರುತ್ತದೆ.

ಇಂದು ಅದೇ ಹುಡುಗ, ಅದೇ ಹುಡುಗಿ ತಮ್ಮಿಬ್ಬರ ಚಿತ್ರವನ್ನು ಮೊಬೈಲಿನಲ್ಲಿ ಹಾಕುತ್ತಾರೆ. ವಾಟ್ಸ್‌ಆ್ಯಪ್ ಸ್ಟೇಟಸ್ ಇರಲಿ, ಇನ್‌ಸ್ಟಾಗ್ರಾಮ್ ಇರಲಿ, ಫೇಸ್‌ಬುಕ್ ಇರಲಿ, ಮಾಡುವ ಕೆಲಸ ಒಂದೇ: 'ನಾವಿಬ್ಬರು ಜೋಡಿ' ಎಂದು ಸಾರುವುದು. ಆದರೆ ಒಡಪಿನ ಆ ಮೂರು ಕಟ್ಟುಗಳೂ ಇಲ್ಲಿ ಸಡಿಲವಾಗುತ್ತವೆ. ಹಾಗೆ ಸಡಿಲವಾದಾಗ ಆ ಜೋಡಿಯ ನಡುವೆ ಏನಾಗುತ್ತದೆ ಎಂಬುದನ್ನು ಇಲ್ಲಿ ಸಾವಕಾಶವಾಗಿ ನೋಡೋಣ. ಹಾಕಬೇಕೋ ಬೇಡವೋ ಎಂಬ ವಾದಕ್ಕೆ ಇಲ್ಲಿ ಇಳಿಯುವುದಿಲ್ಲ. ಹಾಕುವ ತೀರ್ಮಾನ ಯಾರದು, ಹಾಕಿದ ಮೇಲೆ ಏನು ಬದಲಾಗುತ್ತದೆ ಎಂಬುದೇ ನಮ್ಮ ವಿಷಯ.

ತಿಳಿಯಲು ಸುಲಭವಾಗಲೆಂದು ಒಂದು ಜೋಡಿಯನ್ನು ಕಲ್ಪಿಸಿಕೊಳ್ಳಿ. ಹುಡುಗಿ ಜತ್ತ ತಾಲೂಕಿನ ಒಂದು ಹಳ್ಳಿಯವಳು, ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಹುಡುಗ ಅಕ್ಕಲಕೋಟದ ಕಡೆಯವನು, ಪುಣೆಯಲ್ಲಿ ನೌಕರಿ. ಹಿರಿಯರು ಕೂಡಿ ನಿಶ್ಚಯ ಮಾಡಿದ್ದಾರೆ, ಮದುವೆಗೆ ಇನ್ನೂ ನಾಲ್ಕು ತಿಂಗಳಿದೆ. ಒಂದು ರವಿವಾರ ಇಬ್ಬರೂ ಸೋಲಾಪುರದಲ್ಲಿ ಭೇಟಿಯಾಗಿ, ಕೆರೆಯ ನಡುವಿನ ಸಿದ್ಧರಾಮೇಶ್ವರ ಗುಡಿಗೆ ಹೋಗಿ ಬಂದರು. ಹುಡುಗಿ ಅವ್ವನಿಗೆ ಹೇಳಿಯೇ ಹೋಗಿದ್ದಳು. ಅಪ್ಪನಿಗೆ ಮಾತ್ರ 'ಸೀರಿ ತರಾಕ ಹೋಗ್ಯಾಳ' ಎಂದು ಅವ್ವ ಹೇಳಿದ್ದಳು. ಕೆರೆಯ ದಂಡೆಯಲ್ಲಿ ನಿಂತು ಹುಡುಗ ಒಂದು ಚಿತ್ರ ತೆಗೆದ. ಅವನ ಕೈ ಅವಳ ಹೆಗಲ ಮೇಲಿತ್ತು. ಸಂಜೆ ಬಸ್ಸಿನಲ್ಲಿ ಕೂತು, ಬಲು ಸಂತೋಷದಿಂದ ಅದನ್ನು ಸ್ಟೇಟಸ್‌ಗೆ ಹಾಕಿದ. ಅವಳನ್ನು ಕೇಳಲಿಲ್ಲ. ಕೇಳಬೇಕೆಂದು ಅವನಿಗೆ ತೋಚಲೂ ಇಲ್ಲ. ಯಾಕೆಂದರೆ ಮೊಬೈಲು ಅವನದು, ಚಿತ್ರ ತೆಗೆದವನೂ ಅವನೇ.

ಈಗ ಆ ಚಿತ್ರ ಯಾರ ಕಣ್ಣಿಗೆ ಬಿತ್ತು ಎಂದು ಲೆಕ್ಕ ಹಾಕೋಣ. ವಾಟ್ಸ್‌ಆ್ಯಪ್‌ನಲ್ಲಿ ನಾವು ಬೇರೇನೂ ಬದಲಿಸದೆ ಇದ್ದರೆ, ನಮ್ಮ ಮೊಬೈಲಿನಲ್ಲಿ ಯಾರ ನಂಬರು ಇದೆಯೋ ಮತ್ತು ಯಾರ ಮೊಬೈಲಿನಲ್ಲಿ ನಮ್ಮ ನಂಬರು ಇದೆಯೋ, ಅವರೆಲ್ಲರಿಗೂ ಸ್ಟೇಟಸ್ ಕಾಣುತ್ತದೆ. ನಮ್ಮ ಹುಡುಗನ ಮೊಬೈಲಿನಲ್ಲಿ ಅಂಥ 340 ಜನ ಇದ್ದಾರೆ ಎಂದುಕೊಳ್ಳಿ. ಬೀಗರು ಬಿಜ್ಜರು 90, ಗೆಳೆಯರು 70, ಪುಣೆಯ ಜೊತೆ ಕೆಲಸಗಾರರು 60. ಉಳಿದ 120 ಜನರಲ್ಲಿ ಮನೆ ಮಾಲಕ, ಗ್ಯಾಸಿನವನು, ಟ್ರ್ಯಾಕ್ಟರ್ ಚಾಲಕ, ಬೀಜ ಗೊಬ್ಬರದ ಅಂಗಡಿಯವನು, ಯಾವಾಗಲೋ ಒಮ್ಮೆ ಜಮೀನು ಕಾಗದಕ್ಕಾಗಿ ಭೇಟಿಯಾದ ಏಜೆಂಟ, ಎಲ್ಲರೂ ಸೇರಿದ್ದಾರೆ. ಹುಡುಗ ಚಿತ್ರ ಹಾಕುವಾಗ ಅವನ ಮನಸ್ಸಿನಲ್ಲಿ ಇದ್ದದ್ದು ನಾಲ್ಕೈದು ಗೆಳೆಯರ ಮುಖ ಮಾತ್ರ. ಚಿತ್ರ ಹೋದದ್ದು 340 ಜನರಿಗೆ.

ಸಮಾಜಶಾಸ್ತ್ರ ಬಲ್ಲವರು ಇದನ್ನು ಸಂದರ್ಭಗಳು ಒಂದರಮೇಲೊಂದು ಕುಸಿದು ಬೀಳುವುದು ಎಂದು ವಿವರಿಸುತ್ತಾರೆ. ನಾವು ಗೆಳೆಯರ ಮುಂದೆ ಒಂದು ರೀತಿ, ಮಾವನ ಮುಂದೆ ಒಂದು ರೀತಿ, ಸಾಹೇಬರ ಮುಂದೆ ಇನ್ನೊಂದು ರೀತಿ ನಡೆದುಕೊಳ್ಳುತ್ತೇವೆ. ಇದು ಕಪಟವಲ್ಲ, ಮರ್ಯಾದೆ. ಮನೆಯ ಪಡಸಾಲೆಗೂ ಅಡುಗೆಮನೆಗೂ ನಡುವೆ ಗೋಡೆ ಇರುವ ಹಾಗೆ ಈ ನಡವಳಿಕೆಗಳ ನಡುವೆಯೂ ಗೋಡೆಗಳಿವೆ. ಸ್ಟೇಟಸ್ ಆ ಗೋಡೆಗಳನ್ನೆಲ್ಲ ತೆಗೆದು ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಸುತ್ತದೆ. ಗೆಳೆಯನಿಗೆ ಹೆಗಲ ಮೇಲಿನ ಕೈ ಪ್ರೀತಿಯಾಗಿ ಕಾಣುತ್ತದೆ. ಅದೇ ಕೈ ಹುಡುಗಿಯ ಸೋದರಮಾವನಿಗೆ 'ಮದುವಿಗೆ ಮೊದಲ ಇಷ್ಟು ಸಲಿಗಿ?' ಎಂಬ ಪ್ರಶ್ನೆಯಾಗಿ ಕಾಣುತ್ತದೆ. ಚಿತ್ರ ಒಂದೇ, ನೋಡುವ ಕಣ್ಣು ಬೇರೆ.

ಮುಂದೆ ನಡೆದದ್ದು ಹೀಗೆ. ಹುಡುಗನ ಬೀಗರ ಪೈಕಿ ಒಬ್ಬ ಹುಡುಗಿಯ ಊರಿಗೂ ಬೇಕಾದವನು. ಅವನು ಆ ಸ್ಟೇಟಸ್ಸಿನ ಸ್ಕ್ರೀನ್‌ಶಾಟ್ ತೆಗೆದು, ಕೆಟ್ಟ ಉದ್ದೇಶವಿಲ್ಲದೆ, 'ನಮ್ಮ ಜೋಡಿ' ಎಂದು ಬರೆದು ಊರಿನ ಗುಂಪಿಗೆ ಕಳಿಸಿದ. ಸ್ಟೇಟಸ್ಸಿನ ಸ್ಕ್ರೀನ್‌ಶಾಟ್ ತೆಗೆದರೆ ಹಾಕಿದವರಿಗೆ ಯಾವ ಸೂಚನೆಯೂ ಬರುವುದಿಲ್ಲ. ಆ ಗುಂಪಿನಲ್ಲಿ ಹುಡುಗಿಯ ಅಪ್ಪನಿದ್ದ. ಮಗಳು ಸೋಲಾಪುರದಲ್ಲಿ ಯಾರ ಜೊತೆಗಿದ್ದಳು ಎಂಬುದು ಅವನಿಗೆ ತಿಳಿದದ್ದು ಮಗಳ ಬಾಯಿಂದಲ್ಲ, ಹೆಂಡತಿಯ ಬಾಯಿಂದಲ್ಲ, ಊರಿನ ಗುಂಪಿನಿಂದ. ಅಂದು ರಾತ್ರಿ ಆ ಮನೆಯಲ್ಲಿ ಹೆಚ್ಚು ಮಾತು ಕೇಳಬೇಕಾದವಳು ಹುಡುಗಿಯೂ ಅಲ್ಲ, ಹುಡುಗನೂ ಅಲ್ಲ. ಮಗಳ ಮೇಲೆ ವಿಶ್ವಾಸವಿಟ್ಟು ಕಳಿಸಿದ ಅವ್ವ.

ಸ್ಟೇಟಸ್ 24 ತಾಸಿಗೆ ತಾನಾಗಿ ಅಳಿಸಿಹೋಗುತ್ತದೆ, ಆದ್ದರಿಂದ ಚಿಂತೆಯಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಅಳಿಯುವುದು ನಮ್ಮ ಕಡೆಯ ಪ್ರತಿ ಮಾತ್ರ. ಬೇರೊಬ್ಬರು ಉಳಿಸಿಕೊಂಡ ಚಿತ್ರಕ್ಕೆ ಆ 24 ತಾಸಿನ ಲೆಕ್ಕ ಅನ್ವಯಿಸುವುದಿಲ್ಲ. ಹಾಗೆಯೇ, ಯಾರು ಯಾರು ನೋಡಿದರು ಎಂದು ತೋರಿಸುವ ಪಟ್ಟಿಯನ್ನೂ ಪೂರ್ತಿ ನಂಬುವಂತಿಲ್ಲ. ತಮ್ಮ ಮೊಬೈಲಿನಲ್ಲಿ ಓದಿದ ಗುರುತು ಕಾಣದಂತೆ ಮಾಡಿಟ್ಟವರು ನೋಡಿದರೂ ಆ ಪಟ್ಟಿಯಲ್ಲಿ ಅವರ ಹೆಸರು ಬರುವುದಿಲ್ಲ.

ಹುಡುಗಿ ರಾತ್ರಿಯೇ ಫೋನು ಮಾಡಿ, 'ಮೊದಲ ಅದನ್ನ ತಗೀರಿ' ಎಂದಳು. ಅವಳಿಗೆ ಅದು ಮನೆಯ ಬೆಂಕಿ ಆರಿಸುವ ಮಾತು. ಅವನಿಗೆ ಕೇಳಿಸಿದ್ದು ಬೇರೆ: 'ನಿಮ್ಮ ಜೋಡಿ ಕಾಣಿಸಿಕೊಳ್ಳಾಕ ನನಗ ನಾಚಿಕಿ.' ಅವನು ಮುನಿಸಿಕೊಂಡೇ ತೆಗೆದ. ತೆಗೆದ ಹತ್ತು ನಿಮಿಷಕ್ಕೆ ಪುಣೆಯ ಗೆಳೆಯನಿಂದ ಸಂದೇಶ: 'ಯಾಕ್ ತೆಗದಿ? ಏನರ ಜಗಳ ಆತೇನು?' ಇದನ್ನು ನೀವು ಚೆನ್ನಾಗಿ ಗಮನಿಸಬೇಕು. ಚಿತ್ರ ಹಾಕುವುದು ಒಂದು ಮಾತಾದರೆ, ತೆಗೆಯುವುದು ಇನ್ನೊಂದು ಮಾತು. ಹಾಕದೇ ಇದ್ದಾಗ ಯಾರಿಗೂ ಏನೂ ಹೇಳಿದಂತಾಗುವುದಿಲ್ಲ. ಒಮ್ಮೆ ಹಾಕಿ ತೆಗೆದರೆ, ಹೇಳಬಾರದಿದ್ದ ಸಂಗತಿಯನ್ನು ಹೇಳಿದಂತಾಗುತ್ತದೆ. ಆದ್ದರಿಂದ ತೆಗೆಯುವ ಬೆಲೆ ಹಾಕುವ ಬೆಲೆಗಿಂತ ಯಾವಾಗಲೂ ಹೆಚ್ಚು.

ಇಲ್ಲಿ ತಪ್ಪಿದ್ದು ಎಲ್ಲಿ? ಹುಡುಗನ ಪ್ರೀತಿಯಲ್ಲಿ ತಪ್ಪಿರಲಿಲ್ಲ. ಹುಡುಗಿಯ ಅಂಜಿಕೆಯಲ್ಲೂ ತಪ್ಪಿರಲಿಲ್ಲ. ತಪ್ಪಿದ್ದು ಒಡೆತನದ ಲೆಕ್ಕದಲ್ಲಿ. ಅಮೆರಿಕೆಯ ವಿದ್ವಾಂಸೆ ಸಾಂಡ್ರಾ ಪೆಟ್ರೋನಿಯೋ ಅವರು ಖಾಸಗಿ ಸಂಗತಿಗಳನ್ನು ಜನ ಹೇಗೆ ಕಾಪಾಡಿಕೊಳ್ಳುತ್ತಾರೆ ಎಂಬುದರ ಬಗ್ಗೆ ಬಹಳ ವರ್ಷ ಅಧ್ಯಯನ ಮಾಡಿ, 2002ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರ ವಿಚಾರದ ಸಾರ ಇಷ್ಟು: ನನ್ನೊಬ್ಬನ ಗುಟ್ಟನ್ನು ನಿಮಗೆ ಹೇಳಿದ ಕೂಡಲೇ ಅದು ನಮ್ಮಿಬ್ಬರ ಜಂಟಿ ಆಸ್ತಿಯಾಗುತ್ತದೆ. ಜಂಟಿ ಆಸ್ತಿಗೆ ಗಡಿ ಎಲ್ಲಿ, ಯಾರಿಗೆ ಒಳಗೆ ಬರಲು ಅನುಮತಿ ಎಂಬುದನ್ನು ಇಬ್ಬರೂ ಕೂಡಿ ಗೊತ್ತು ಮಾಡಿಕೊಂಡಿರಬೇಕು. ಮಾಡಿಕೊಳ್ಳದಿದ್ದರೆ ಒಂದು ದಿನ ಗಡಿ ಒಡೆದು ಗದ್ದಲವಾಗುತ್ತದೆ.

ರೈತಾಪಿ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಣ್ಣ ತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿರುವ ಹೊಲವನ್ನು ಒಬ್ಬನೇ ಸಹಿ ಹಾಕಿ ಮಾರಲು ಬರುವುದಿಲ್ಲ. ಇಬ್ಬರಿರುವ ಚಿತ್ರವೂ ಹಾಗೆಯೇ. ಮೊಬೈಲು ಯಾರದ್ದೇ ಇರಲಿ, ಗುಂಡಿ ಒತ್ತುವ ಬೆರಳು ಯಾರದ್ದೇ ಇರಲಿ, ಉತಾರದಲ್ಲಿ ಹೆಸರು ಇಬ್ಬರದೂ ಇದೆ. ಅದರಲ್ಲೂ ನಮ್ಮ ಸಮಾಜದಲ್ಲಿ ಆ ಚಿತ್ರದ ಪರಿಣಾಮ ಇಬ್ಬರ ಮೇಲೆ ಸಮನಾಗಿ ಬೀಳುವುದಿಲ್ಲ. ಹುಡುಗನಿಗೆ ಗೆಳೆಯರ ಚೇಷ್ಟೆ ಬಂದರೆ ಹುಡುಗಿಗೆ ಮನೆಯ ವಿಚಾರಣೆ ಬರುತ್ತದೆ. ಒಂದು ವೇಳೆ ಮದುವೆ ಮುರಿದರೆ ಹುಡುಗನ ಚಿತ್ರವನ್ನು ಜನ ಮರೆಯುತ್ತಾರೆ, ಹುಡುಗಿಯ ಚಿತ್ರವನ್ನು ಮುಂದಿನ ಸಂಬಂಧದವರೆಗೂ ನೆನಪಿಡುತ್ತಾರೆ. ಇದು ನ್ಯಾಯವಲ್ಲ, ಆದರೆ ನಡೆಯುತ್ತಿರುವುದು ಹೀಗೆಯೇ. ಆದ್ದರಿಂದ ಹೆಚ್ಚು ಭಾರ ಹೊರುವವರ ಮಾತಿಗೆ ಹೆಚ್ಚು ತೂಕ ಇರಬೇಕಾದದ್ದು ಸಹಜ.

ಇನ್ನು ಜೋಡಿಯ ಒಳಗಿನ ಬದಲಾವಣೆಗೆ ಬರೋಣ. ಚಿತ್ರ ಹಾಕುವ ಜೋಡಿಗಳು ಸುಖವಾಗಿರುತ್ತಾರೋ, ಸುಖವಿಲ್ಲದವರು ತೋರಿಕೆಗೆ ಹಾಕುತ್ತಾರೋ ಎಂಬ ಪ್ರಶ್ನೆ ಎಲ್ಲರ ಬಾಯಲ್ಲೂ ಇದೆ. ಸಂಶೋಧಕರು ಇದನ್ನು ಕೇಳಿ ನೋಡಿದ್ದಾರೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮ್ಮ ಸಂಬಂಧದಲ್ಲಿ ಹೆಚ್ಚು ತೃಪ್ತಿ ಅನಿಸಿದ ದಿನಗಳಲ್ಲಿ ಜನ ಅದರ ಬಗ್ಗೆ ಫೇಸ್‌ಬುಕ್‌ನಲ್ಲಿ ಹಂಚಿಕೊಳ್ಳುವುದು ಹೆಚ್ಚು ಎಂದು ಕಂಡುಬಂತು. ಮಾರನೆಯ ವರ್ಷ, 2014ರಲ್ಲಿ, ಇನ್ನೊಂದು ಅಧ್ಯಯನ ಬಂತು. ಅದರ ಪ್ರಕಾರ, 'ನನ್ನ ಮೇಲೆ ಇವರಿಗೆ ನಿಜವಾಗಿ ಪ್ರೀತಿ ಇದೆಯೋ ಇಲ್ಲವೋ' ಎಂಬ ಅಳುಕು ಹೆಚ್ಚಾದ ದಿನಗಳಲ್ಲಿಯೂ ಜನ ತಮ್ಮ ಸಂಬಂಧವನ್ನು ಹೆಚ್ಚು ಎದ್ದು ಕಾಣುವಂತೆ ಮಾಡುತ್ತಾರೆ.

ಎರಡೂ ಒಂದಕ್ಕೊಂದು ವಿರುದ್ಧ ಅನಿಸಬಹುದು. ವಿರುದ್ಧವಲ್ಲ. ಒಂದೇ ತೆರನಾದ ಚಿತ್ರ ಎರಡು ಬೇರೆ ಬಾವಿಗಳಿಂದ ಬರುತ್ತದೆ. ಒಂದು ತುಂಬಿ ಹೊರಗೆ ಚೆಲ್ಲಿದ ನೀರು. ಇನ್ನೊಂದು ಬಾವಿಯಲ್ಲಿ ನೀರಿದೆಯೋ ಇಲ್ಲವೋ ಎಂದು ಹಗ್ಗ ಬಿಟ್ಟು ನೋಡುವ ಪ್ರಯತ್ನ. ಹೊರಗಿನಿಂದ ನೋಡುವವರಿಗೆ ಎರಡರ ಭೇದ ತಿಳಿಯುವುದಿಲ್ಲ. ಹಾಕಿದವರಿಗೆ ಮಾತ್ರ, ಪ್ರಾಮಾಣಿಕವಾಗಿ ನೋಡಿಕೊಂಡರೆ, ತಿಳಿಯುತ್ತದೆ.

ತಿಳಿಯುವ ಗುರುತುಗಳು ಕೆಲವಿವೆ. ಹಾಕಿದ ಮೇಲೆ ಮೊಬೈಲು ಬದಿಗಿಟ್ಟು ಬೇರೆ ಕೆಲಸಕ್ಕೆ ಹೋಗಲು ಬಂದರೆ ಅದು ಚೆಲ್ಲಿದ ನೀರು. ಐದೈದು ನಿಮಿಷಕ್ಕೆ ತೆರೆದು, ಯಾರು ನೋಡಿದರು, ಆಕೆ ನೋಡಿದಳೇ, ಆಕೆಯ ಮನೆಯವರು ನೋಡಿದರೇ ಎಂದು ಹುಡುಕುತ್ತಿದ್ದರೆ ಅದು ಹಗ್ಗ ಬಿಟ್ಟು ನೋಡುವುದು. ಜಗಳವಾದ ಮಾರನೆಯ ದಿನವೇ ಹಳೆಯ ನಗುಮುಖದ ಚಿತ್ರ ಹುಡುಕಿ ಹಾಕುತ್ತಿದ್ದರೆ, ಆ ಚಿತ್ರ ಆಡುತ್ತಿರುವ ಮಾತನ್ನು ಎದುರಿಗೆ ಕೂತು ಆಡಬೇಕಾಗಿದೆ ಎಂದು ಅರ್ಥ. ಸಂದೇಹವಿದ್ದರೆ ಒಂದು ಸರಳ ಪರೀಕ್ಷೆ ಇದೆ. ಹಾಕಬೇಕೆನಿಸಿದ ಚಿತ್ರವನ್ನು ಒಂದು ದಿನ ತಡೆದು ನೋಡಿ. ತುಂಬಿದ ಸಂತೋಷ ಒಂದು ದಿನ ತಡೆದರೆ ಕಡಿಮೆಯಾಗುವುದಿಲ್ಲ. ಅಳುಕು ಮಾತ್ರ 'ಈಗಲೇ ಹಾಕು' ಎಂದು ಅವಸರ ಮಾಡುತ್ತದೆ.

ಹಾಕುವ ರೂಢಿ ಬೆಳೆದಂತೆ ಇನ್ನೊಂದು ಬದಲಾವಣೆ ನಿಧಾನವಾಗಿ ಬರುತ್ತದೆ. ಹುಟ್ಟುಹಬ್ಬಕ್ಕೆ 'ನೀನಿಲ್ಲದೆ ನಾನಿಲ್ಲ' ಎಂದು ಗಂಡ ಸ್ಟೇಟಸ್‌ನಲ್ಲಿ ಬರೆದ ಎಂದುಕೊಳ್ಳಿ. 340 ಜನ ಓದಿದರು. ಹೆಂಡತಿಯೂ ಓದಿದಳು. ಅವಳು 341ನೆಯವಳಾದಳು, ಅಷ್ಟೆ. ಅದೇ ಮಾತನ್ನು ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದರೆ ಕೇಳುವವಳು ಅವಳೊಬ್ಬಳೇ ಆಗಿರುತ್ತಿದ್ದಳು. ಕಾನ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ತಮ್ಮ ಮನಸ್ಸಿನ ಮಾತನ್ನು ಜಾಲತಾಣದಲ್ಲಿ ಬಹಳ ಜನರ ಮುಂದೆ ಬಿಚ್ಚಿಡುವುದು ಹೆಚ್ಚಾದ ಕಡೆ, ಪ್ರೇಮಿಗಳ ನಡುವಿನ ಆಪ್ತತೆ ಮತ್ತು ತೃಪ್ತಿ ಕಡಿಮೆ ಇದ್ದುದು ಅವರಿಗೆ ಕಂಡಿತು. ಎಲ್ಲರಿಗೂ ಹೇಳಿದ ಗುಟ್ಟು ಹತ್ತಿರದವರಿಗೆ ಉಡುಗೊರೆಯಾಗಿ ಉಳಿಯುವುದಿಲ್ಲ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ. ಹಾಗೆ ಹಂಚಿಕೊಳ್ಳುವಾಗ ಜೊತೆಗಾರರನ್ನೂ ಅದರಲ್ಲಿ ಸೇರಿಸಿಕೊಂಡಿದ್ದರೆ ಈ ಹಾನಿ ಕಡಿಮೆಯಾಗುತ್ತದೆ. ಅಂದರೆ ಹೊರಗೆ ಹೇಳುವುದೇ ದೋಷವಲ್ಲ. ಜೊತೆಗಾರರು ಅದರೊಳಗೆ ಇದ್ದಾರೋ, ಹೊರಗೆ ನಿಂತು ಓದುತ್ತಿದ್ದಾರೋ ಎಂಬುದರಲ್ಲಿ ಎಲ್ಲವೂ ಇದೆ.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಈ ಅಧ್ಯಯನಗಳಲ್ಲಿ ಪಾಲ್ಗೊಂಡವರು ಹೊರದೇಶದ ಜನ, ಅವರು ಬಳಸಿದ್ದು ಹೆಚ್ಚಾಗಿ ಫೇಸ್‌ಬುಕ್. ಅಲ್ಲಿ ಹುಡುಗ ಹುಡುಗಿ ತಾವೇ ಒಬ್ಬರನ್ನೊಬ್ಬರು ಆರಿಸಿಕೊಂಡು, ತಾವೇ ಊರಿಗೆ ತಿಳಿಸುತ್ತಾರೆ. ನಮ್ಮಲ್ಲಿ ಜೋಡಿಯ ಹಿಂದೆ ಎರಡು ಮನೆತನಗಳು, ಬೀಗರು, ಹಿರಿಯರು ಇದ್ದಾರೆ. ಆದ್ದರಿಂದ ಆ ಫಲಿತಾಂಶಗಳನ್ನು ಹಾಗೆಯೇ ಎತ್ತಿ ನಮ್ಮ ಮನೆಗೆ ತರುವಂತಿಲ್ಲ. ದಾರಿ ತೋರಿಸುವ ಕೈಮರವೆಂದು ಇಟ್ಟುಕೊಳ್ಳಬಹುದು, ಅಷ್ಟೆ.

ನೋಡುವವರಿಗೆ ಅಭ್ಯಾಸವಾದ ಮೇಲೆ ಇನ್ನೊಂದು ಕಷ್ಟ ಹುಟ್ಟುತ್ತದೆ. ಮೂರು ವರ್ಷ ತಪ್ಪದೆ ಮದುವೆಯ ವಾರ್ಷಿಕೋತ್ಸವಕ್ಕೆ ಚಿತ್ರ ಹಾಕಿದ ದಂಪತಿ ನಾಲ್ಕನೆಯ ವರ್ಷ ಹಾಕದಿದ್ದರೆ, ಅತ್ತಿಗೆಯ ಫೋನು ಬರುತ್ತದೆ: 'ಎಲ್ಲಾ ಚಲೋ ಐತಲ್ಲ?' ಸುಮ್ಮನಿರುವುದೂ ಆಗ ಒಂದು ಸುದ್ದಿಯಾಗುತ್ತದೆ. ಹಾಗೆಯೇ, ಅವನು ಹಾಕಿ ಅವಳು ಹಾಕದಿದ್ದರೆ ಹುಡುಗನ ಅವ್ವ ಕೇಳುತ್ತಾಳೆ, 'ಅಕಿ ಯಾಕ ಹಾಕಿಲ್ಲ?' ಎಂದು. ಇಬ್ಬರ ನಡುವೆ ಇರದಿದ್ದ ಒಂದು ಜಗಳವನ್ನು ನೋಡುವವರ ಲೆಕ್ಕ ತಂದು ಒಳಗೆ ಇಡುತ್ತದೆ. 2012ರಲ್ಲಿ ಅಮೆರಿಕೆಯಲ್ಲಿ 58 ಜೋಡಿಗಳನ್ನು ವಿಚಾರಿಸಿದ ಒಂದು ಅಧ್ಯಯನದಲ್ಲಿ, ಫೇಸ್‌ಬುಕ್‌ನಲ್ಲಿ ಸಂಬಂಧವನ್ನು ತೋರಿಸುವ ವಿಷಯಕ್ಕೇ ಭಿನ್ನಾಭಿಪ್ರಾಯ ಬಂದಿದೆ ಎಂದ ಹೆಣ್ಣುಮಕ್ಕಳ ತೃಪ್ತಿ ಕಡಿಮೆ ಇತ್ತು. ಗಂಡಸರಲ್ಲಿ ಆ ನಂಟು ಕಾಣಲಿಲ್ಲ. ಗಂಡು ಸಣ್ಣ ಮಾತೆಂದು ಬಿಡುವುದನ್ನು ಹೆಣ್ಣು ಮನಸ್ಸಿನಲ್ಲಿ ಇಟ್ಟುಕೊಂಡು ನಡೆಯುತ್ತಿರಬಹುದು ಎಂಬುದಕ್ಕೆ ಇದೊಂದು ಸೂಚನೆ.

ಹಾಗಾದರೆ ಏನೂ ಹಾಕದೆ ಇರುವುದೇ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಹಾಗೂ ಹೇಳಲು ಬರುವುದಿಲ್ಲ. ಮದುವೆಯಾಗಿ ಎರಡು ವರ್ಷವಾದರೂ ಗಂಡನ ಮೊಬೈಲಿನಲ್ಲಿ ತನ್ನ ಒಂದು ಚಿತ್ರವೂ ಕಾಣದ, ಅವನ ಗೆಳೆಯರಿಗೆ ತಾನು ಇರುವುದೇ ಗೊತ್ತಿಲ್ಲದ ಹೆಂಡತಿಯ ನೋವು ಸಣ್ಣದಲ್ಲ. ಇಲ್ಲಿ ಖಾಸಗಿತನ ಬೇರೆ, ಮುಚ್ಚುಮರೆ ಬೇರೆ ಎಂಬುದನ್ನು ತಿಳಿಯಬೇಕು. ಇಬ್ಬರೂ ಕೂಡಿ 'ಇದು ನಮ್ಮಲ್ಲೇ ಇರಲಿ' ಎಂದರೆ ಅದು ಖಾಸಗಿತನ. ಒಬ್ಬರು ತೀರ್ಮಾನಿಸಿ ಇನ್ನೊಬ್ಬರನ್ನು ಬಚ್ಚಿಟ್ಟರೆ ಅದು ಮುಚ್ಚುಮರೆ. ಎರಡರಲ್ಲೂ ಹೊರಗೆ ಕಾಣುವುದು ಏನೂ ಇಲ್ಲ. ಆದರೆ ಒಂದರಲ್ಲಿ ಇಬ್ಬರೂ ಬಾಗಿಲು ಹಾಕಿಕೊಂಡು ಒಳಗಿದ್ದಾರೆ, ಇನ್ನೊಂದರಲ್ಲಿ ಒಬ್ಬರು ಹೊರಗೆ ನಿಂತಿದ್ದಾರೆ.

ಈಗ ನಮ್ಮ ಜತ್ತ-ಅಕ್ಕಲಕೋಟದ ಜೋಡಿ ಅದೇ ರವಿವಾರ ಬೇರೆ ರೀತಿ ನಡೆದಿದ್ದರೆ ಏನಾಗುತ್ತಿತ್ತು ಎಂದು ನೋಡೋಣ. ಬಸ್ಸಿನಲ್ಲಿ ಕೂತ ಹುಡುಗ ಚಿತ್ರವನ್ನು ಮೊದಲು ಅವಳಿಗೆ ಕಳಿಸುತ್ತಾನೆ. 'ಇದನ್ನ ಹಾಕಲೇನು?' ಎಂದು ಕೇಳುತ್ತಾನೆ. ಇದು ಅಪ್ಪಣೆ ಬೇಡುವುದಲ್ಲ, ಜಂಟಿ ಕಾಗದಕ್ಕೆ ಇನ್ನೊಂದು ಸಹಿ ಪಡೆಯುವುದು. ಅವಳು 'ಇದು ಬ್ಯಾಡ, ಕೈ ಕಾಣತೈತಿ, ಗುಡಿ ಮುಂದಿಂದು ಹಾಕ್ರಿ' ಎನ್ನಬಹುದು. 'ಅಪ್ಪಗ ಇನ್ನಾ ಗೊತ್ತಿಲ್ಲ, ಎರಡು ದಿನ ತಡೀರಿ' ಎನ್ನಬಹುದು. ಈ ಒಂದು ಪ್ರಶ್ನೆಯಿಂದಲೇ ಅಪ್ಪನ ವಿಷಯ ಮೊದಲು ಅವನ ಕಿವಿಗೆ ಬೀಳುತ್ತಿತ್ತು. ಅವಳು ಮನೆಯಲ್ಲಿ ಬಾಯಿಬಿಟ್ಟು ಹೇಳಿದ ಮೇಲೆ ಚಿತ್ರ ಹೊರಬರುತ್ತಿತ್ತು. ಹತ್ತಿರದವರಿಗೆ ಮೊದಲು ಬಾಯಿಂದ, ಆಮೇಲೆ ಉಳಿದವರಿಗೆ ಚಿತ್ರದಿಂದ. ಈ ಕ್ರಮ ತಪ್ಪಿದ ಕಡೆಯೇ ಹೆಚ್ಚಿನ ಮನಸ್ತಾಪಗಳು ಹುಟ್ಟುತ್ತವೆ.

ಎರಡನೆಯ ಕೆಲಸ, ನೋಡುವವರನ್ನು ಆರಿಸುವುದು. ವಾಟ್ಸ್‌ಆ್ಯಪ್‌ನಲ್ಲಿ Settings ತೆರೆದು, Privacy ಒತ್ತಿ, ಅದರೊಳಗೆ Status ಒತ್ತಿದರೆ ಮೂರು ದಾರಿಗಳು ಕಾಣುತ್ತವೆ. My contacts ಎಂದರೆ ಎಲ್ಲರಿಗೂ. My contacts except... ಎಂದರೆ ನೀವು ಗುರುತು ಹಾಕಿದವರನ್ನು ಬಿಟ್ಟು ಉಳಿದವರಿಗೆ. Only share with... ಎಂದರೆ ನೀವು ಗುರುತು ಹಾಕಿದವರಿಗೆ ಮಾತ್ರ. ಜೋಡಿಯ ಚಿತ್ರಕ್ಕೆ ಮೂರನೆಯದೇ ಹೆಚ್ಚು ಸುರಕ್ಷಿತ. ಯಾಕೆಂದರೆ ಎರಡನೆಯದರಲ್ಲಿ ಯಾರನ್ನು ಬಿಡಬೇಕು ಎಂದು 340 ಹೆಸರು ನೆನಪಿಸಿಕೊಳ್ಳಬೇಕು, ಒಬ್ಬರು ಮರೆತರೂ ಕೆಲಸ ಕೆಟ್ಟಂತೆ. ಮೂರನೆಯದರಲ್ಲಿ ಯಾರಿಗೆ ತೋರಿಸಬೇಕೆಂಬ ಇಪ್ಪತ್ತು ಹೆಸರು ನೆನಪಾದರೆ ಸಾಕು. ಇನ್ನೊಂದು ಸಂಗತಿ ನೆನಪಿಡಿ. ಈ ಬದಲಾವಣೆಯನ್ನು ಚಿತ್ರ ಹಾಕುವ ಮೊದಲೇ ಮಾಡಬೇಕು. ಈಗಾಗಲೇ ಹಾಕಿದ ಸ್ಟೇಟಸ್‌ಗೆ ಅದು ಅನ್ವಯಿಸುವುದಿಲ್ಲ.

ಮೂರನೆಯದು, ಎಲ್ಲ ಚಿತ್ರಕ್ಕೂ ಮತ್ತೆ ಮತ್ತೆ ಕೇಳುತ್ತ ಕೂರುವ ಬದಲು ಇಬ್ಬರೂ ಒಮ್ಮೆ ಕೂತು ಒಂದೆರಡು ಕಟ್ಟು ಮಾಡಿಕೊಳ್ಳುವುದು. ಮದುವೆ, ಹಬ್ಬ, ಊಟದ ಚಿತ್ರ ಕೇಳದೆ ಹಾಕಬಹುದು. ಮನೆಯ ಒಳಕೋಣೆಯದು, ಆಸ್ಪತ್ರೆಯದು, ಬಸುರಿಯ ಸುದ್ದಿ ಕೇಳದೆ ಹಾಕಬಾರದು. ಜಗಳದ ದಿನ ಏನೂ ಹಾಕಬಾರದು, ಹಾಡಿನ ಸಾಲು ಸಹ ಬೇಡ. ಯಾಕೆಂದರೆ ಒಬ್ಬರಿಗೆ ಮುಟ್ಟಲೆಂದು ಹಾಕಿದ ವಿರಹದ ಸಾಲನ್ನು ಉಳಿದ 339 ಜನವೂ ಓದುತ್ತಾರೆ. ಇಬ್ಬರಲ್ಲಿ ಒಬ್ಬರು ಬೇಡವೆಂದರೆ ಅದು ಬೇಡ, ಕಾರಣ ಕೇಳಬಾರದು. ಈ ಕೊನೆಯ ಕಟ್ಟು ಎಲ್ಲಕ್ಕಿಂತ ಮುಖ್ಯ. 'ಬೇಡ' ಎಂದಾಗ ಅದನ್ನು 'ನೀ ಬೇಡ' ಎಂದು ಕೇಳಿಸಿಕೊಳ್ಳದಿರುವುದು ಇದರಿಂದ ರೂಢಿಯಾಗುತ್ತದೆ.

ನಾಲ್ಕನೆಯದು, ಸಂಬಂಧ ಮುರಿದರೆ ಏನು ಎಂಬ ಮಾತು. ನಿಶ್ಚಯವಾದ ಮನೆಯಲ್ಲಿ ಇದನ್ನು ಆಡಲು ಯಾರಿಗೂ ಇಷ್ಟವಿಲ್ಲ. ಆದರೂ ಮದುವೆಗೆ ಮೊದಲು ಹಾಕುವ ಚಿತ್ರಗಳನ್ನು ಆರಿಸುವಾಗ, ಈ ಚಿತ್ರ ನಾಳೆ ಅಪರಿಚಿತರ ಕೈಯಲ್ಲಿದ್ದರೆ ನಡೆದೀತೇ ಎಂದು ಒಮ್ಮೆ ಕೇಳಿಕೊಂಡರೆ ಅಪಶಕುನವೇನೂ ಆಗುವುದಿಲ್ಲ. ಇನ್ನು ಏಕಾಂತದ ಚಿತ್ರಗಳ ಮಾತು ಬೇರೆ. ಅವು ಹಾಕಲಿಕ್ಕಂತೂ ಅಲ್ಲ, ಕಳಿಸಲಿಕ್ಕೂ ಅಲ್ಲ. ಅಂಥ ಚಿತ್ರ ಮುಂದಿಟ್ಟು ಯಾರಾದರೂ ಅಂಜಿಸಿದರೆ, ಅದು ನಿಶ್ಚಯವಾದ ಹುಡುಗನೇ ಇರಲಿ, ಅದು ಅಪರಾಧ. ಒಬ್ಬರ ಗುಪ್ತಾಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಕಳಿಸುವುದು, ಪ್ರಕಟಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮಿನ ಪ್ರಕಾರ ಮೂರು ವರ್ಷದವರೆಗಿನ ಸಜೆಗೆ ಅಥವಾ 2 ಲಕ್ಷ ರೂಪಾಯಿವರೆಗಿನ ದಂಡಕ್ಕೆ, ಅಥವಾ ಎರಡಕ್ಕೂ ಗುರಿಮಾಡುತ್ತದೆ. ಇದು ಕೇಂದ್ರದ ಕಾಯಿದೆ. ನೀವು ಮಹಾರಾಷ್ಟ್ರದಲ್ಲಿರಿ, ಆಂಧ್ರದಲ್ಲಿರಿ, ಕೇರಳದಲ್ಲಿರಿ, ಎಲ್ಲ ಕಡೆಗೂ ಒಂದೇ. ದೂರು ಕೊಡಲು cybercrime.gov.in ಎಂಬ ಸರಕಾರಿ ತಾಣವಿದೆ. ದೂರು ಕೊಡುವವರೆಗೆ ಬಂದ ಸಂದೇಶಗಳನ್ನು ಅಳಿಸಬೇಡಿ. ಅವೇ ಪುರಾವೆ.

ನಮ್ಮ ಜೋಡಿಯ ಕಥೆ ಮದುವೆ ಮುರಿಯುವವರೆಗೆ ಹೋಗಬೇಕಿಲ್ಲ. ಅಂಥ ಒಂದು ರವಿವಾರದ ಗದ್ದಲ ಎಷ್ಟೋ ಮನೆಗಳಲ್ಲಿ ಎರಡು ವಾರದಲ್ಲಿ ತಣ್ಣಗಾಗುತ್ತದೆ. ಆದರೆ ತಣ್ಣಗಾಗುವ ಮೊದಲು ಹುಡುಗ ಅವಳ ಅಪ್ಪನಿಗೆ ಫೋನು ಮಾಡಿ, 'ಮಾವಾ, ಆ ಫೋಟೋ ನಾನು ಅಕಿನ್ನ ಕೇಳಲಾರದ ಹಾಕಿದ್ದು, ಅಕಿದೇನೂ ತಪ್ಪಿಲ್ಲ' ಎಂದು ಹೇಳುತ್ತಾನೋ ಇಲ್ಲವೋ ಎಂಬುದನ್ನು ಆ ಹುಡುಗಿ ಬಹಳ ವರ್ಷ ನೆನಪಿಟ್ಟುಕೊಳ್ಳುತ್ತಾಳೆ. ಆ ಫೋನಿನ ಮಾತು ಯಾವ ಸ್ಟೇಟಸ್ಸಿನಲ್ಲೂ ಕಾಣುವುದಿಲ್ಲ. ಅದನ್ನು ಕೇಳುವವರು ಮೂವರೇ: ಮಾವ, ಅತ್ತೆ, ಒಳಕೋಣೆಯ ಬಾಗಿಲ ಹಿಂದೆ ನಿಂತ ಅವಳು.